ಒಂದೇ ಧಾರೆ ಸೀರೆ, ಎರಡು ಕ್ಯಾಮೆರಾದಲ್ಲಿ ಎರಡು ಬಣ್ಣ: ಹೇಗೆ ಹೊಂದಿಸೋದು?

ತುಂಗಾತೀರ_ವಿಡಿಯೋ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆ ಒಂದು ಮದುವೆ ವಿಡಿಯೋ ಎಡಿಟ್ ಮಾಡ್ತಾ ಇದೀನಿ. ಧಾರೆ ಭಾಗ ಆರು ನಿಮಿಷ, ಎರಡು ಕ್ಯಾಮೆರಾ, ಸುಮಾರು ನಲವತ್ತು ಕಟ್. ಮೊದಲ ಕಾಪಿ ಕಳಿಸಿದ ಮೇಲೆ ಹುಡುಗಿ ತಾಯಿ ಫೋನ್ ಮಾಡಿ, "ಧಾರೆ ಸೀರೆ ಒಂದೇ ಅಲ್ವೇನಪ್ಪ, ಮಧ್ಯೆ ಮಧ್ಯೆ ಬೇರೆ ಸೀರೆ ಉಟ್ಟ ಹಾಗೆ ಕಾಣ್ತಾ ಇದೆಯಲ್ಲ" ಅಂದ್ರು. ಅವರು ಹೇಳಿದ್ದು ಪೂರ್ತಿ ನಿಜ. ಮಂಟಪದ ಎಡಗಡೆ ನಾನು ಹಿಡಿದಿದ್ದ ಸೋನಿ ಎ7 III ನಲ್ಲಿ ಸೀರೆ ಕುಂಕುಮದ ಕೆಂಪು. ಬಲಗಡೆ ತಮ್ಮ ಹಿಡಿದಿದ್ದ ಕ್ಯಾನನ್ 80ಡಿ ನಲ್ಲಿ ಹೊಸ ಇಟ್ಟಿಗೆ ಬಣ್ಣ. ಮುಖವೂ ಹಾಗೇ, ನನ್ನದರಲ್ಲಿ ಗೋಧಿ ಬಣ್ಣ, ಅವನದರಲ್ಲಿ ಅರಿಶಿನ ಹಚ್ಚಿದ ಹಾಗೆ.

ನಾನು S-Log3 ನಲ್ಲಿ ತೆಗೆದಿದ್ದೆ, ವೈಟ್ ಬ್ಯಾಲೆನ್ಸ್ 5000 ಕೆಲ್ವಿನ್‌ಗೆ ಕಟ್ಟಿದ್ದೆ. ತಮ್ಮ ಸ್ಟ್ಯಾಂಡರ್ಡ್ ಪಿಕ್ಚರ್ ಸ್ಟೈಲ್, ಆಟೋ ವೈಟ್ ಬ್ಯಾಲೆನ್ಸ್. ಬೆಳಕಿನ ಕಥೆ ಇನ್ನೊಂದು: ಪೂರ್ವದ ಕಿಟಕಿಯಿಂದ ಬೆಳಗಿನ ಬಿಸಿಲು, ನಮ್ಮದೇ ಎರಡು ಎಲ್‌ಇಡಿ ಲೈಟು, ಮಂಟಪದ ತುಂಬ ಹಳದಿ ಸೀರಿಯಲ್ ಸೆಟ್ಟು.

ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ ಬಳಸ್ತೀನಿ. Shot Match ಒತ್ತಿ ನೋಡಿದೆ. ಒಂದು ಕ್ಲಿಪ್ ಪರವಾಗಿಲ್ಲ ಅನ್ನಿಸಿತು, ಮುಂದಿನದು ನೀಲಿಗೆ ತಿರುಗಿತು. ಎರಡಕ್ಕೂ ಒಂದೇ ಲಟ್ ಹಾಕಿದೆ, ಇನ್ನೂ ಕೆಟ್ಟಿತು. ಭಾನುವಾರದೊಳಗೆ ಕೊಡಬೇಕು. ಎಲ್ಲಿಂದ ಶುರು ಮಾಡಲಿ?

ಕ್ಲಿಕ್_ಹಾಸನ

ಬಹಳ ಸುಲಭ ಬ್ರೋ. ಕಲರ್ ಪೇಜ್‌ನಲ್ಲಿ ವೈಟ್ ಬ್ಯಾಲೆನ್ಸ್ ಪಿಕರ್ ಇದೆಯಲ್ಲ, ಅದನ್ನ ಮದುಮಗನ ಪಂಚೆ ಮೇಲೆ ಒತ್ತು. ಎರಡೂ ಕ್ಯಾಮೆರಾದಲ್ಲಿ ಪಂಚೆ ಬಿಳಿ ಆದ್ರೆ ಉಳಿದ ಬಣ್ಣ ತಾನಾಗೇ ಸರಿಹೋಗುತ್ತೆ. ನಾನು ಯಾವಾಗಲೂ ಹಾಗೇ ಮಾಡೋದು, ಐದು ನಿಮಿಷದ ಕೆಲಸ.

ನೋಡ್_ನಾಗರಬಾವಿ

ಹಾಸನದವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಎರಡು ಕ್ಯಾಮೆರಾದಲ್ಲೂ ಒಂದೇ ವಸ್ತುವನ್ನು ಹಿಡಿದುಕೊಂಡು ಹೊರಡಬೇಕು ಅನ್ನೋದು ಸರಿ. ಆದರೆ ಪಂಚೆ ಬಿಳಿ ಅಂತ ನಂಬೋದು ಅಪಾಯ. ರೇಷ್ಮೆ ಪಂಚೆ ಆಗಿದ್ರೆ ಅದು ಕೆನೆ ಬಣ್ಣ. ಪಿಕರ್ ಒತ್ತಿದ ಕೂಡಲೇ ರಿಸಾಲ್ವ್ ಆ ಕೆನೆಯನ್ನು ತೆಗೆಯೋಕೆ ಇಡೀ ಚಿತ್ರಕ್ಕೆ ನೀಲಿ ಸುರಿಯುತ್ತೆ. ಹತ್ತಿ ಪಂಚೆ ಆದ್ರೆ ಬೇರೆ ತೊಂದರೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಸೋಪಿನ ಪುಡಿಯಲ್ಲಿ ಹಾಕಿರೋ ವಸ್ತು ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ನೀಲಿಯಾಗಿ ಹೊಳೆಯುತ್ತೆ, ಎಲ್‌ಇಡಿ ಬೆಳಕಲ್ಲಿ ಅಷ್ಟು ಹೊಳೆಯೋದಿಲ್ಲ. ಕಿಟಕಿ ಕಡೆ ಕೂತ ಮಡಿಕೆ ಒಂದು ಬಿಳಿ, ಲೈಟಿನ ಕಡೆಯದು ಇನ್ನೊಂದು ಬಿಳಿ.

ತುಂಗಾತೀರ, ನಿಮಗೆ ಮೂರು ಪ್ರಶ್ನೆ. ಲಟ್ ಎರಡೂ ಕ್ಯಾಮೆರಾಕ್ಕೆ ಹಾಕಿದೆ ಅಂದ್ರಲ್ಲ, ಅದು S-Log3 ಗೆ ಮಾಡಿದ ಲಟ್ಟಾ? ತಮ್ಮನ ಕ್ಲಿಪ್‌ನಲ್ಲಿ ಬಣ್ಣ ಕ್ಲಿಪ್ಪಿನ ಒಳಗೇ ಬದಲಾಗುತ್ತಾ, ಇಲ್ಲ ಕ್ಲಿಪ್‌ನಿಂದ ಕ್ಲಿಪ್‌ಗೆ ಮಾತ್ರವಾ? ಅಂತರಪಟ ಹಿಡಿದ ಹೊತ್ತು ಎರಡೂ ಕ್ಯಾಮೆರಾ ಓಡ್ತಾ ಇದ್ವಾ?

ಹುಬ್ಬಳ್ಳಿ_ಮದುವೆ_ಸ್ಟುಡಿಯೋ

ನನ್ನದೂ ಇದೇ ಗೋಳು ಐತ್ರಿ. ಐಫೋನಿನಾಗ ತೆಗೆದ ಕ್ಲಿಪ್ ಕ್ಯಾಮೆರಾ ಕ್ಲಿಪ್ ಪಕ್ಕಕ್ಕಿಟ್ರ ಬೆಳ್ಳಗ ಉರದ ಹಂಗ ಕಾಣಸ್ತದ. ಎಕ್ಸ್‌ಪೋಶರ್ ಇಳಿಸಿದ್ರ ಮುಖಾ ಬೂದಿ ಬಣ್ಣ ಆಗ್ತದ. ಏನ್ ಮಾಡ್ಲಿರಿ?

ನೋಡ್_ನಾಗರಬಾವಿ

ನಿಮ್ಮದು ಬೇರೆ ಕಾಯಿಲೆ ಸರ್. ಐಫೋನ್ 12 ರಿಂದ ಈಚೆಗಿನವು ಎಚ್‌ಡಿಆರ್‌ನಲ್ಲಿ, ಎಚ್‌ಎಲ್‌ಜಿ ಗಾಮಾದಲ್ಲಿ ರೆಕಾರ್ಡ್ ಮಾಡ್ತವೆ. ಅದನ್ನ ಹಾಗೇ Rec.709 ಟೈಮ್‌ಲೈನ್‌ಗೆ ಎಳೆದ್ರೆ ಕೆಲವೊಮ್ಮೆ ಹೀಗಾಗುತ್ತೆ. ಆ ಕ್ಲಿಪ್‌ಗೆ Color Space Transform ಹಾಕಿ, ಒಳಬರೋ ಬದಿಗೆ Rec.2020 ಮತ್ತು HLG, ಹೊರಗೆ Rec.709 ಕೊಡಿ. ಮುಂದಿನ ಸಲ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ HDR Video ಆಫ್ ಮಾಡಿಬಿಡಿ. ಆಗ್ಲಿಲ್ಲ ಅಂದ್ರೆ ಬೇರೆ ಎಳೆ ತೆಗೀರಿ, ಇಲ್ಲಿ ಎರಡೂ ಕಲಸೋದು ಬೇಡ.

ತುಂಗಾತೀರ_ವಿಡಿಯೋ

ಹೌದು ಸರ್, ಲಟ್ S-Log3 ದೇ. ತಮ್ಮನ ಕ್ಲಿಪ್‌ಗೂ ಅದನ್ನೇ ಹಾಕಿದ್ದೆ. ಈಗ ಬರೆಯೋವಾಗಲೇ ಗೊತ್ತಾಯ್ತು ಅದು ತಪ್ಪು ಅಂತ.

ಬಣ್ಣ ಕ್ಲಿಪ್ಪಿನ ಒಳಗೇ ಬದಲಾಗುತ್ತೆ. ತಮ್ಮ ಮದುಮಗಳ ಹತ್ತಿರ ಝೂಮ್ ಮಾಡಿದ ಕೂಡಲೇ ನಿಧಾನಕ್ಕೆ ನೀಲಿ ಕಡೆಗೆ ಹೋಗುತ್ತೆ, ಹಿಂದಕ್ಕೆ ಬಂದ್ರೆ ಮತ್ತೆ ಹಳದಿ. ಅಂತರಪಟದ ಹೊತ್ತು ಎರಡೂ ಓಡ್ತಾ ಇದ್ವು. ಬಿಳಿ ಬಟ್ಟೆ, ನಡುವೆ ಕುಂಕುಮದಲ್ಲಿ ಸ್ವಸ್ತಿಕ ಬರೆದಿದ್ರು.

ನೋಡ್_ನಾಗರಬಾವಿ

ಹಾಗಾದ್ರೆ ಅಂತರಪಟವೇ ನಿಮ್ಮ ಕಲರ್ ಚಾರ್ಟು. ಒಂದೇ ಬಟ್ಟೆಯಲ್ಲಿ ಬಿಳಿಯೂ ಇದೆ, ಸೀರೆಗೆ ಹತ್ತಿರದ ಕೆಂಪೂ ಇದೆ, ಎರಡೂ ಕ್ಯಾಮೆರಾ ಒಂದೇ ಗಳಿಗೆಯಲ್ಲಿ ನೋಡಿವೆ. ಸ್ವಲ್ಪ ಮುಂಚೆ ಬಿಳಿ ಬಟ್ಟೆ ನಂಬಬೇಡಿ ಅಂದೆ, ಈಗ ಬಟ್ಟೆಯನ್ನೇ ಹಿಡೀರಿ ಅಂತೀನಿ, ಗೊಂದಲ ಬೇಡ. ಚಿತ್ರದ ವೈಟ್ ಬ್ಯಾಲೆನ್ಸ್ ಸರಿ ಮಾಡೋಕೆ ನಿಜವಾದ ಬೂದು ಅಥವಾ ಬಿಳಿ ಬೇಕು. ಒಂದು ಕ್ಯಾಮೆರಾವನ್ನ ಇನ್ನೊಂದಕ್ಕೆ ಹೊಂದಿಸೋಕೆ ಅದು ಬಿಳಿಯೇ ಆಗಿರಬೇಕಿಲ್ಲ. ಒಂದೇ ಬೆಳಕಲ್ಲಿ ಇರೋ ಒಂದೇ ವಸ್ತು ಆದ್ರೆ ಸಾಕು. ಆದರೆ ನೀವು ಎಡಕ್ಕೆ, ತಮ್ಮ ಬಲಕ್ಕೆ ಇದ್ದಿದ್ದರಿಂದ ಬಟ್ಟೆಯ ಎರಡು ಮುಖಗಳನ್ನ ನೋಡಿರಬಹುದು. ಇಬ್ಬರಿಗೂ ಕಾಣೋ ಒಂದು ಮಡಿಕೆ ಅಥವಾ ಮೇಲಿನ ಅಂಚು ಹುಡುಕಿಕೊಳ್ಳಿ.

ಮೊದಲು ನಿಮ್ಮ ಸೋನಿ ಕ್ಲಿಪ್. ಲಟ್ ತೆಗೆದುಹಾಕಿ. ಎರಡು ನೋಡ್ ಮಾಡಿ. ಎರಡನೆಯದರಲ್ಲಿ Color Space Transform ಹಾಕಿ, ಒಳಗೆ S-Gamut3.Cine ಮತ್ತು S-Log3, ಹೊರಗೆ Rec.709 ಮತ್ತು Gamma 2.4. ನೀವು ಪಿಕ್ಚರ್ ಪ್ರೊಫೈಲ್ PP8 ಬಳಸಿದ್ದೀರಿ ಅಂದುಕೊಂಡು ಹೇಳ್ತಾ ಇದೀನಿ. PP9 ಆಗಿದ್ರೆ ಗ್ಯಾಮಟ್ S-Gamut3, ಕೊನೆಯ ಅಕ್ಷರಗಳು ನೋಡಿಕೊಳ್ಳಿ. ಮೊದಲನೇ ನೋಡ್‌ನಲ್ಲಿ Offset ಚಕ್ರದಿಂದ ಬೆಳಕು, ಬಣ್ಣ ಸರಿ ಮಾಡಿ. ಲಾಗ್ ಚಿತ್ರದ ಮೇಲೆ ಆಫ್‌ಸೆಟ್ ಹೆಚ್ಚೂಕಡಿಮೆ ಕ್ಯಾಮೆರಾದ ಎಕ್ಸ್‌ಪೋಶರ್ ತಿರುಗಿಸಿದ ಹಾಗೇ ನಡ್ಕೊಳ್ಳುತ್ತೆ. ಆಮೇಲೆ ಅಂತರಪಟ ಕಾಣೋ ಫ್ರೇಮ್‌ನಲ್ಲಿ ನಿಂತು Grab Still.

ಕ್ಯಾನನ್ ಕ್ಲಿಪ್‌ಗೆ ಟ್ರಾನ್ಸ್‌ಫಾರ್ಮ್ ಬೇಡ, ಅದು ಆಗಲೇ ನೋಡೋಕೆ ತಯಾರಾದ ಚಿತ್ರ. ಅದೇ ಗಳಿಗೆಯ ಫ್ರೇಮ್‌ಗೆ ಹೋಗಿ ಸ್ಟಿಲ್‌ನ ಮೇಲೆ ವೈಪ್ ಎಳೆದು, ಪರೇಡ್ ಸ್ಕೋಪ್ ತೆಗೆದು ಎರಡನ್ನೂ ಪಕ್ಕಪಕ್ಕ ನೋಡಿ. ಅಂಕಿ ಹಾಕಿ ಇಲ್ಲಿ.

ತುಂಗಾತೀರ_ವಿಡಿಯೋ

PP8 ಹೌದು. ಟ್ರಾನ್ಸ್‌ಫಾರ್ಮ್ ಹಾಕಿದ ಕೂಡಲೇ ಅರ್ಧ ಸಮಸ್ಯೆ ಇಳಿಯಿತು. ಅಂತರಪಟದ ಮೇಲಂಚು ಪರೇಡ್‌ನಲ್ಲಿ ಹೀಗಿದೆ. ಸೋನಿಯಲ್ಲಿ ಕೆಂಪು 720, ಹಸಿರು 705, ನೀಲಿ 690. ಕ್ಯಾನನ್‌ನಲ್ಲಿ ಕೆಂಪು 770, ಹಸಿರು 715, ನೀಲಿ 610. ಕಪ್ಪು ಕೂದಲು ಸೋನಿಯಲ್ಲಿ ಮೂರೂ ಸುಮಾರು 90, ಕ್ಯಾನನ್‌ನಲ್ಲಿ 40.

ನೋಡ್_ನಾಗರಬಾವಿ

ಚೆನ್ನಾಗಿ ಬರೆದಿದ್ದೀರಿ. ಈ ಅಂಕಿಯಲ್ಲೇ ಉತ್ತರ ಇದೆ. ಕೂದಲಲ್ಲಿ ಮೂರೂ ಬಣ್ಣ ಒಟ್ಟಿಗೇ ಕೆಳಗಿವೆ, ಅಂದ್ರೆ ಅಲ್ಲಿ ಬಣ್ಣದ ತೊಂದರೆ ಇಲ್ಲ, ಕಾಂಟ್ರಾಸ್ಟ್ ಮಾತ್ರ ಹೆಚ್ಚು. ಬಿಳಿಯಲ್ಲಿ ಕೆಂಪು ಮೇಲೆ, ನೀಲಿ ಕೆಳಗೆ, ಹಸಿರು ಹೆಚ್ಚೂಕಡಿಮೆ ಸರಿ. ಅಂದ್ರೆ ಆಟೋ ಬ್ಯಾಲೆನ್ಸ್ ಆ ಹೊತ್ತಿಗೆ ಚಿತ್ರವನ್ನ ಬೆಚ್ಚಗೆ ಇಟ್ಟಿತ್ತು.

ಮೊದಲು ಕ್ಯಾನನ್‌ನ Lift ಚಕ್ರದ ಕೆಳಗಿನ ಉದ್ದ ಚಕ್ರದಿಂದ ಕೂದಲು 90 ರ ಹತ್ತಿರ ಬರಲಿ. ಬಣ್ಣ ಮುಟ್ಟಬೇಡಿ. ಅದಾದ ಮೇಲೆ Gain ನಲ್ಲಿ ಕೆಂಪನ್ನ ಇಳಿಸಿ, ನೀಲಿಯನ್ನ ಏರಿಸಿ, ಬಟ್ಟೆ ಅಂಚಿನ ಮೂರೂ ಗೆರೆ ಸೋನಿಯ ಎತ್ತರಕ್ಕೆ ಬರೋ ತನಕ. ಗೇನ್ ತಿರುಗಿಸಿದಾಗ ಕೂದಲೂ ಸ್ವಲ್ಪ ಅಲುಗುತ್ತೆ, ಮತ್ತೆ ಲಿಫ್ಟ್‌ಗೆ ಹೋಗಿ ಬನ್ನಿ. ಎರಡು ಮೂರು ಸುತ್ತು ಬೇಕಾಗುತ್ತೆ. ಕಣ್ಣಿನಿಂದ ಮಾಡಬೇಡಿ, ಹತ್ತು ನಿಮಿಷ ಹಳದಿ ನೋಡಿದ ಕಣ್ಣು ಹಳದಿಯನ್ನೇ ಬಿಳಿ ಅನ್ನೋಕೆ ಶುರು ಮಾಡುತ್ತೆ.

Shot Match ಯಾಕೆ ಕೈಕೊಡ್ತು ಅಂದ್ರೆ, ಅದಕ್ಕೆ ಬಟ್ಟೆ ಯಾವುದು, ಕೆನ್ನೆ ಯಾವುದು ಗೊತ್ತಿಲ್ಲ. ತಮ್ಮನ ಫ್ರೇಮ್ ತುಂಬ ಸೀರೆ, ನಿಮ್ಮ ಫ್ರೇಮ್‌ನಲ್ಲಿ ಅರ್ಧ ಮಂಟಪದ ಬಾಳೆಕಂದು. ಎರಡರ ಮೊತ್ತ ಒಂದೇ ಮಾಡೋಕೆ ಹೊರಟರೆ ಕೆಂಪು ಕಡಿಮೆ ಮಾಡಿ ನೀಲಿಗೆ ತಳ್ಳುತ್ತೆ. ನಿಮಗೆ ಆಗಿದ್ದು ಅದೇ.

ಬೀಟಾಕ್ಯಾಮ್_ಕಾಲದವನು

ಎಲ್ಲ ಸರಿ, ಆದರೆ ಈ ಕೆಲಸವನ್ನ ಛತ್ರದಲ್ಲೇ ಮುಗಿಸಬಹುದಿತ್ತು. ನಾವು ಮೂರು ಕ್ಯಾಮೆರಾ ಇಟ್ಟು ನಾಟಕ, ಕಛೇರಿ ಎಲ್ಲ ಹಿಡಿದವರು. ಶುರು ಮಾಡೋ ಮುಂಚೆ ಒಬ್ಬ ವೇದಿಕೆ ಮೇಲೆ ನಿಂತು ಬಿಳಿ ಕಾರ್ಡ್ ಹಿಡಿತಿದ್ದ, ಮೂರೂ ಕ್ಯಾಮೆರಾ ಅದರ ಮೇಲೇ ಬ್ಯಾಲೆನ್ಸ್ ಮಾಡ್ಕೋತಿದ್ವು. ಅರ್ಧ ನಿಮಿಷ. ಮದುವೆ ಮನೆಯಲ್ಲಿ ಗಣಪತಿ ಪೂಜೆ ಆಗೋ ಹೊತ್ತಿಗೆ ಮಂಟಪ ಖಾಲಿ ಇರುತ್ತೆ, ಆಗ ಮಾಡಬಹುದು. ಅಣ್ಣ ತಮ್ಮ ಇಬ್ಬರೂ ಆಟೋ ಬಿಟ್ಟು ಒಂದೇ ಕೆಲ್ವಿನ್‌ಗೆ ಕಟ್ಟಿದ್ರೂ ಈ ಝೂಮ್ ಮಾಡಿದಾಗ ಬಣ್ಣ ಓಡೋ ತಾಪತ್ರಯ ಇರ್ತಿರಲಿಲ್ಲ.

ಕ್ಲಿಕ್_ಹಾಸನ

ಹಾಗಾದ್ರೆ ಎರಡೂ 5000 ಕಟ್ಟಿದ್ರೆ ಎಡಿಟ್‌ನಲ್ಲಿ ಏನೂ ಮಾಡೋ ಹಾಗಿಲ್ಲ ಅಲ್ವಾ ಸರ್?

ನೋಡ್_ನಾಗರಬಾವಿ

ಕೆಲಸ ಕಡಿಮೆ ಆಗುತ್ತೆ, ಇಲ್ಲವಾಗೋದಿಲ್ಲ. ಎರಡು ಕಂಪನಿಯ ಕ್ಯಾಮೆರಾಗಳಲ್ಲಿ ಅದೇ 5000 ಒಂದೇ ಬಣ್ಣ ಕೊಡುತ್ತೆ ಅಂತಿಲ್ಲ, ಹಸಿರು–ಕೆನ್ನೇರಳೆ ಕಡೆಗೆ ಸ್ವಲ್ಪ ಬೇರೆ ಇರುತ್ತೆ. ಇನ್ನೊಂದು, ಬಿಳಿ ಕೂಡಿದ ಮಾತ್ರಕ್ಕೆ ಕೆಂಪು ಕೂಡೋದಿಲ್ಲ. ಪ್ರತಿ ಸೆನ್ಸಾರ್ ಮೇಲಿನ ಬಣ್ಣದ ಫಿಲ್ಟರ್‌ಗಳು ಬೇರೆ, ಬೆಳಕನ್ನು ಕತ್ತರಿಸೋ ರೀತಿ ಬೇರೆ. ಎಲ್‌ಇಡಿ ಬೆಳಕಲ್ಲಿ ಕಡು ಕೆಂಪಿನ ಅಂಶ ಬಿಸಿಲಲ್ಲಿ ಇರೋ ಹಾಗೆ ಇರೋದಿಲ್ಲವಾದ್ದರಿಂದ ರೇಷ್ಮೆ ಕೆಂಪಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತೆ. ಬಿಳಿ ಹೊಂದಿಸಿದ ಮೇಲೂ ತುಂಗಾತೀರರ ಸೀರೆ ಇಟ್ಟಿಗೆ ಬಣ್ಣವೇ ಇರಬಹುದು. ನೋಡೋಣ.

ತುಂಗಾತೀರ_ವಿಡಿಯೋ

ನೀವು ಹೇಳಿದ ಹಾಗೇ ಆಯ್ತು. ಅಂತರಪಟ ಎರಡರಲ್ಲೂ ಈಗ ಒಂದೇ, ವೈಪ್ ಎಳೆದರೆ ಗೆರೆ ಎಲ್ಲಿದೆ ಗೊತ್ತಾಗಲ್ಲ. ಬಾಳೆ ಎಲೆ, ಕಂಬ ಎಲ್ಲ ಕೂಡಿದವು. ಆದರೆ ಸೀರೆ ಇನ್ನೂ ಕಿತ್ತಳೆ ಕಡೆಗೇ ವಾಲಿದೆ. ಬಟ್ಟೆ ಮೇಲಿನ ಸ್ವಸ್ತಿಕ ಕೂಡ ಹಾಗೇ.

ಮುಖ ಸರಿಯಾ ನೋಡೋಕೆ ವೆಕ್ಟರ್‌ಸ್ಕೋಪ್‌ನಲ್ಲಿ ಸ್ಕಿನ್ ಗೆರೆ ಇಟ್ಟು, ಮದುಮಗಳ ಕೆನ್ನೆ ಮೇಲೆ ವಿಂಡೋ ಹಾಕಿದೆ. ಸೋನಿಯಲ್ಲಿ ಗೆರೆಯ ಮೇಲೆ, ಕ್ಯಾನನ್‌ನಲ್ಲಿ ಗೆರೆಯಿಂದ ಹಳದಿ ಕಡೆಗೆ ಸ್ವಲ್ಪ. ಇನ್ನೂ ತಳ್ಳಲಾ?

ಬಣ್ಣದ_ಡಬ್ಬಿ

ನಾನು ಎಡಿಟರ್ ಅಲ್ಲ, ಮೈಸೂರಲ್ಲಿ ಮದುಮಗಳ ಮೇಕಪ್ ಮಾಡೋಳು. ನಮ್ಮ ಮನೆಯವರು ಎಡಿಟ್ ಮಾಡ್ತಾರೆ, ಅದಕ್ಕೇ ಈ ಎಳೆ ಓದ್ತಾ ಇದ್ದೆ. ದಯವಿಟ್ಟು ಮದುಮಗಳ ಕೆನ್ನೆ ನಂಬಬೇಡಿ. ಅಲ್ಲಿ ಇರೋದು ಚರ್ಮ ಅಲ್ಲ, ನಾವು ಹಚ್ಚಿದ ಫೌಂಡೇಶನ್, ಮೇಲೆ ಬ್ಲಶ್. ಒಂದು ಕೆನ್ನೆಗೆ ಕಿಟಕಿ ಬೆಳಕು ಬಿದ್ರೆ ಅದರ ಹೊಳಪು ಬೇರೆ. ಕೈ ನೋಡೋಣ ಅಂದ್ರೆ ಮೆಹಂದಿ, ಕತ್ತು ನೋಡೋಣ ಅಂದ್ರೆ ಹಿಂದಿನ ದಿನ ಹಚ್ಚಿದ ಅರಿಶಿನ ಪೂರ್ತಿ ಹೋಗಿರಲ್ಲ. ಧಾರೆ ಮಾಡಿಸೋ ಪುರೋಹಿತರ ಬರಿ ಭುಜ ನೋಡಿ. ಅವರಿಗೆ ಯಾರೂ ಮೇಕಪ್ ಮಾಡಿರಲ್ಲ, ಎರಡು ಕ್ಯಾಮೆರಾಗೂ ಕಾಣ್ತಾ ಇರ್ತಾರೆ.

ನೋಡ್_ನಾಗರಬಾವಿ

ಅಕ್ಕ, ಇಷ್ಟು ವರ್ಷದಲ್ಲಿ ಈ ಭುಜದ ಮಾತು ನನಗೆ ಹೊಳೆದಿರಲಿಲ್ಲ. ಇನ್ನು ಮುಂದೆ ಹಾಗೇ ಮಾಡ್ತೀನಿ.

ತುಂಗಾತೀರ, ಭುಜ ನೋಡಿ ಹೇಳಿ. ಅದು ಕೂಡಿದ್ರೆ ಮದುಮಗಳ ಕೆನ್ನೆ ಅಲ್ಪಸ್ವಲ್ಪ ಬೇರೆ ಇದ್ದರೂ ಇಡೀ ಚಿತ್ರ ತಳ್ಳಬೇಡಿ.

ಸೀರೆಗೆ ಈಗ ಹೊಸ ನೋಡ್. ಮೊದಲು ಒಂದು ಪರೀಕ್ಷೆ: ಕ್ಯಾನನ್ ಕ್ಲಿಪ್‌ನ ಎಲ್ಲ ನೋಡ್ ಆಫ್ ಮಾಡಿ, ಪರೇಡ್‌ನಲ್ಲಿ ಕೆಂಪು ಭಾಗ ನೋಡಿ. ಸೀರೆ ಇರೋ ಜಾಗದಲ್ಲಿ ಕೆಂಪು ಗೆರೆ ಮೇಲಕ್ಕೆ ಹೋಗಿ ಕತ್ತರಿಯಿಂದ ಕತ್ತರಿಸಿದ ಹಾಗೆ ಸಮತಟ್ಟಾಗಿದ್ರೆ, ಕೆಂಪು ತುಂಬಿ ಚೆಲ್ಲಿದೆ ಅಂತ. ಮಡಿಕೆಯ ನೆರಳು–ಬೆಳಕು ಅಲ್ಲಿ ಸತ್ತುಹೋಗಿರುತ್ತೆ, ಯಾವ ಕರ್ವೂ ಅದನ್ನ ತರೋದಿಲ್ಲ. ಕೆಂಪು ನಿಂತುಹೋಗಿ ಹಸಿರು ಮಾತ್ರ ಏರುತ್ತಾ ಹೋದ್ರೆ ಬಣ್ಣ ಕಿತ್ತಳೆಗೆ ವಾಲೋದು ಸಹಜ.

ಗೆರೆ ಕತ್ತರಿಸಿರದಿದ್ರೆ Hue vs Hue ಕರ್ವ್ ತೆಗೆದು ಸೀರೆ ಮೇಲೆ ಒತ್ತಿ. ಮೂರು ಚುಕ್ಕೆ ಬರ್ತವೆ, ನಡುವಿನದನ್ನ ಸ್ವಲ್ಪವೇ ಅಲುಗಿಸಿ, ಸೀರೆ ಕುಂಕುಮದ ಕಡೆಗೆ ಬರೋ ದಿಕ್ಕಿಗೆ. ಇಲ್ಲೇ ಎಲ್ಲರೂ ಎಡವೋದು. ತುಟಿ, ಕೆನ್ನೆ, ಹಣೆಯ ಕುಂಕುಮ ಎಲ್ಲ ಅದೇ ಕೆಂಪಿನ ನೆರೆಹೊರೆ. ಸೀರೆ ಸರಿಯಾಗೋ ಹೊತ್ತಿಗೆ ಮುಖ ಗುಲಾಬಿ ಆಗಿರುತ್ತೆ. ಅದಕ್ಕೆ ಮುಖದ ಸುತ್ತ ಒಂದು ವಿಂಡೋ ಹಾಕಿ, ಟ್ರ್ಯಾಕ್ ಮಾಡಿ, ವಿಂಡೋ ತಿರುವಿ ಮುಖ ಬಿಟ್ಟು ಉಳಿದ ಕಡೆ ಮಾತ್ರ ಕರ್ವ್ ಕೆಲಸ ಮಾಡೋ ಹಾಗೆ ಮಾಡಿ. ಅಂಚು ಚೆನ್ನಾಗಿ ಮೃದು ಮಾಡಿ. ಕ್ಯಾನನ್ ಚಿತ್ರ 8 ಬಿಟ್, ಜಾಸ್ತಿ ಎಳೆದ್ರೆ ಜರಿ ಅಂಚಿನಲ್ಲಿ ಚೌಕ ಚೌಕ ಕಲೆ ಏಳುತ್ತೆ. ಕಲೆ ಎದ್ದ ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.

ಬೀಟಾಕ್ಯಾಮ್_ಕಾಲದವನು

ನನಗೆ ಇಲ್ಲಿ ಒಂದು ತಕರಾರು. ಮದುವೆ ಮನೆಯವರು ನೋಡೋದು ಸೀರೆ. ಮುಖದ ಬಣ್ಣ ಎರಡು ಕೋನದಿಂದ ಸ್ವಲ್ಪ ಬೇರೆ ಇದ್ರೆ ಬೆಳಕು ಅಂತ ಒಪ್ಪಿಕೊಳ್ತಾರೆ. ಸೀರೆ ಬದಲಾದ್ರೆ ಒಪ್ಪೋದಿಲ್ಲ, ತಾಯಿ ಫೋನ್ ಮಾಡಿದ್ದೇ ಅದಕ್ಕೆ. ಮೊದಲು ಸೀರೆ ಕೂಡಿಸಿ, ಆಮೇಲೆ ಮುಖ ವಿಂಡೋದಲ್ಲಿ ತಿದ್ದಲಿ.

ನೋಡ್_ನಾಗರಬಾವಿ

ಗುರುಗಳೇ, ಸೀರೆಗೋಸ್ಕರ ಇಡೀ ಚಿತ್ರ ತಿರುಗಿಸಿದ್ರೆ ಪುರೋಹಿತರು, ಮದುಮಗ, ಹಿಂದೆ ಕೂತ ನೂರು ಜನ ಎಲ್ಲರಿಗೂ ವಿಂಡೋ ಹಾಕಬೇಕಾಗುತ್ತೆ. ಸೀರೆ ಒಂದೇ, ಮುಖ ಹಲವು. ನನ್ನ ಕ್ರಮ ಬದಲಾಯಿಸೋಕೆ ಮನಸ್ಸಿಲ್ಲ.

ಬೀಟಾಕ್ಯಾಮ್_ಕಾಲದವನು

ಹತ್ತಿರದ ಶಾಟ್‌ನಲ್ಲಿ ಇರೋದು ಸೀರೆ, ಒಂದು ಮುಖ, ಅಷ್ಟೇ. ಅಲ್ಲಿ ನನ್ನ ಕ್ರಮವೇ ಬೇಗ. ದೂರದ ಶಾಟ್‌ಗೆ ನೀವು ಹೇಳಿದ್ದು ಇರಲಿ.

ತುಂಗಾತೀರ_ವಿಡಿಯೋ

ಶನಿವಾರ ರಾತ್ರಿ. ಇಷ್ಟು ಹೊತ್ತು ಅದರ ಮೇಲೇ ಕೂತಿದ್ದೆ.

ಪುರೋಹಿತರ ಭುಜ ಎರಡರಲ್ಲೂ ಸ್ಕಿನ್ ಗೆರೆ ಮೇಲೇ ಬಂತು, ಹಾಗಾಗಿ ಮುಖ ಮುಟ್ಟಲಿಲ್ಲ. ಸೀರೆಯ ಕೆಂಪು ದೂರದ ಶಾಟ್‌ಗಳಲ್ಲಿ ಕತ್ತರಿಸಿರಲಿಲ್ಲ. ಕರ್ವ್ ಸ್ವಲ್ಪ ತಿರುಗಿಸಿದೆ, ಸ್ವಸ್ತಿಕವೂ ಅದರ ಜೊತೆಗೇ ಸೋನಿಯ ಕೆಂಪಿಗೆ ಬಂತು. ಅದು ನೋಡಿ ದಾರಿ ಸರಿ ಇದೆ ಅಂತ ಧೈರ್ಯ ಆಯ್ತು.

ಆಟೋ ಬ್ಯಾಲೆನ್ಸ್ ಓಡಿದ ಕ್ಲಿಪ್‌ಗಳೇ ಹೆಚ್ಚು ಹೊತ್ತು ತಿಂದವು. ಝೂಮ್ ಶುರುವಾಗೋ ಫ್ರೇಮ್‌ನಲ್ಲಿ ಒಂದು ಕೀಫ್ರೇಮ್, ಬಣ್ಣ ನಿಂತ ಫ್ರೇಮ್‌ನಲ್ಲಿ ಇನ್ನೊಂದು, ಎರಡನೆಯದರಲ್ಲಿ ಗೇನ್‌ನ ನೀಲಿ ಇಳಿಸಿದೆ. ಕ್ಯಾಮೆರಾ ಒಂದೇ ವೇಗದಲ್ಲಿ ಬದಲಾಗಿಲ್ಲ, ಮೊದಲು ನಿಧಾನ ಆಮೇಲೆ ಜೋರು, ಹಾಗಾಗಿ ನಡುವೆ ಮೂರನೇ ಕೀಫ್ರೇಮ್ ಬೇಕಾಯ್ತು. ಸೀರೆ ನೋಡದೆ ಹಿಂದಿನ ಬಿಳಿ ಕಂಬ ಒಂದನ್ನೇ ನೋಡ್ತಾ ಮಾಡಿದೆ.

ಎರಡು ಕಡೆ ಸೋತಿದ್ದೀನಿ. ಕಿಟಕಿ ಪಕ್ಕದ ಶಾಟ್‌ನಲ್ಲಿ ಮದುಮಗಳ ಎಡಗೆನ್ನೆ ನೀಲಿ, ಬಲಗೆನ್ನೆ ಬೆಚ್ಚಗೆ. ಒಂದನ್ನ ಸರಿ ಮಾಡಿದ್ರೆ ಇನ್ನೊಂದು ಕೆಡುತ್ತೆ. ಇನ್ನೊಂದು, ಧಾರೆ ನೀರು ಬಿಡೋವಾಗಿನ ತಮ್ಮನ ಹತ್ತಿರದ ಶಾಟ್, ಹನ್ನೊಂದು ಸೆಕೆಂಡ್. ಅಲ್ಲಿ ಕೆಂಪು ಪೂರ್ತಿ ಕತ್ತರಿಸಿದೆ, ಸೀರೆ ಪ್ಲಾಸ್ಟಿಕ್ ಹಾಳೆ ಥರ ಕಾಣುತ್ತೆ. ನನ್ನ ಕ್ಯಾಮೆರಾದಲ್ಲಿ ಆ ಗಳಿಗೆಗೆ ಯಾರದ್ದೋ ತಲೆ ಅಡ್ಡ ಬಂದಿದೆ.

ನೋಡ್_ನಾಗರಬಾವಿ

ಎರಡು ಕೆನ್ನೆಯದು ಕ್ಯಾಮೆರಾ ತಪ್ಪಲ್ಲ, ಅಲ್ಲಿ ನಿಜವಾಗಿಯೂ ಎರಡು ಬೆಳಕು ಇತ್ತು. ಎಡಗಡೆಗೆ ಮೃದು ವಿಂಡೋ ಹಾಕಿ ನೀಲಿಯನ್ನ ಅರ್ಧ ಮಾತ್ರ ಇಳಿಸಿ. ಪೂರ್ತಿ ತೆಗೆದ್ರೆ ಹಿಂದೆ ಕಿಟಕಿ ಕಾಣ್ತಾ ಇದ್ದೂ ಬೆಳಕು ಅಲ್ಲಿಂದ ಬರ್ತಿಲ್ಲ ಅನ್ನಿಸುತ್ತೆ. ನಿಮ್ಮ ಕ್ಯಾಮೆರಾದ ಅದರ ಪಕ್ಕದ ಶಾಟ್‌ನಲ್ಲೂ ಎಡಗಡೆ ಅಷ್ಟೇ ನೀಲಿ ಉಳಿದಿರಲಿ.

ಹನ್ನೊಂದು ಸೆಕೆಂಡ್‌ನ ಶಾಟ್‌ಗೆ ಉಪಾಯ ಉಲ್ಟಾ. ಅದರ ಮುಂದಿನ ಹಿಂದಿನ ಸೋನಿ ಶಾಟ್‌ಗಳಲ್ಲಿ ಸೀರೆಯ ಕೆಂಪನ್ನ Hue vs Sat ನಲ್ಲಿ ಸ್ವಲ್ಪ ಏರಿಸಿ, ಕ್ಯಾನನ್‌ನದು ಸ್ವಲ್ಪ ಇಳಿಸಿ. ಲಾಗ್ ಚಿತ್ರಕ್ಕೆ ಜಾಗ ಇದೆ, ಅದು ಬಗ್ಗಲಿ. ಸತ್ತ ಮಡಿಕೆ ಬರೋದಿಲ್ಲ, ಆದರೆ ಕಟ್ ಆದಾಗ ಬಣ್ಣ ಹಾರೋದು ನಿಲ್ಲುತ್ತೆ.

ಬಣ್ಣದ_ಡಬ್ಬಿ

ಧಾರೆ ನೀರಿನ ಶಾಟ್‌ನಲ್ಲಿ ಕೈ ಹತ್ತಿರಕ್ಕೆ ಕಾಣುತ್ತಾ? ಫ್ರೇಮ್ ಕ್ರಾಪ್ ಮಾಡಿ ಕೈ, ತೆಂಗಿನಕಾಯಿ, ನೀರು ಮಾತ್ರ ಉಳಿಸಿದ್ರೆ ಸೀರೆ ಮೂಲೆಗೆ ಹೋಗುತ್ತೆ. ನೋಡೋರಿಗೆ ಬೇಕಾಗಿರೋದೂ ಅದೇ ಅಲ್ವಾ.

ಹುಬ್ಬಳ್ಳಿ_ಮದುವೆ_ಸ್ಟುಡಿಯೋ

ನನ್ನ ಐಫೋನ್ ಕ್ಲಿಪ್ ಆತ್ರಿ, ಭಾಳ ಛಲೋ ಬಂತು. ಧನ್ಯವಾದರಿ. ನೀವು ಹೇಳಿದ್ದ ಭುಜದ್ದು ನಮ್ಮ ಕಡೆ ನಡೀವಲ್ದರಿ, ನಮ್ಮ ಸ್ವಾಮಿಗೋಳು ಮೈತುಂಬ ಶಾಲು ಹೊದ್ದಿರ್ತಾರ.

ತುಂಗಾತೀರ_ವಿಡಿಯೋ

ಕ್ರಾಪ್ ಮಾಡಿದೆ ಅಕ್ಕ. 80ಡಿ ನಲ್ಲಿ 1080ಪಿ ಮಾತ್ರ ಇರೋದ್ರಿಂದ ಜಾಸ್ತಿ ಹಿಗ್ಗಿಸೋಕೆ ಆಗಲಿಲ್ಲ, ಶೇಕಡ 20 ಅಷ್ಟೇ. ಸೀರೆ ಅಂಚು ಮಾತ್ರ ಉಳಿಯಿತು, ಜರಿ ಇರೋದ್ರಿಂದ ಸತ್ತ ಕೆಂಪು ಅಷ್ಟು ಕಾಣಲ್ಲ. ಕಿಟಕಿ ಶಾಟ್‌ನ ಎಡಗೆನ್ನೆ ಅರ್ಧ ನೀಲಿಯಲ್ಲೇ ಬಿಟ್ಟೆ.

ಇವತ್ತು ಮಧ್ಯಾಹ್ನ ಪೆನ್‌ಡ್ರೈವ್ ತಗೊಂಡು ಅವರ ಮನೆಗೇ ಹೋಗಿದ್ದೆ. ಟಿವಿ ವಿವಿಡ್ ಮೋಡ್‌ನಲ್ಲಿ ಇತ್ತು, ಸೀರೆ ಬೆಂಕಿ ಹತ್ತಿದ ಹಾಗೆ. ಕೇಳಿಕೊಂಡು ಸಿನಿಮಾ ಮೋಡ್‌ಗೆ ತಿರುಗಿಸಿದೆ. ತಾಯಿ ಒಳಗೆ ಹೋಗಿ ಬೀರುವಿನಿಂದ ಸೀರೆ ತಂದು ಟಿವಿ ಪಕ್ಕ ಹಿಡಿದ್ರು. ನನ್ನ ಎರಡೂ ಕ್ಯಾಮೆರಾಗಿಂತ ಅದು ಒಂದು ಛಾಯೆ ಕಡು, ಹಣ್ಣಾದ ದಾಳಿಂಬೆ ಕಾಳಿನ ಹಾಗೆ. ಧಾರೆ ಪೂರ್ತಿ ನೋಡಿದ್ರು. "ಈಗ ಒಂದೇ ಸೀರೆ ಕಾಣ್ತಾ ಇದೆ" ಅಂದ್ರು. ಎರಡೂ ಕ್ಯಾಮೆರಾವನ್ನ ಒಟ್ಟಿಗೇ ಆ ದಾಳಿಂಬೆಗೆ ತರೋಕೆ ಟೈಮ್‌ಲೈನ್ ನೋಡ್‌ನಲ್ಲಿ ಮಾಡಬಹುದಾ, ಇಲ್ಲ ಮುಖಗಳು ಮತ್ತೆ ಕೆಡ್ತವಾ?

ಬೀಟಾಕ್ಯಾಮ್_ಕಾಲದವನು

ಕೆಡ್ತವೆ. ಅವರು ಒಪ್ಪಿದ್ದಾರಲ್ಲ, ಫೈಲ್ ಮುಟ್ಟಬೇಡಪ್ಪ.

ನೋಡ್_ನಾಗರಬಾವಿ

ಟೈಮ್‌ಲೈನ್ ನೋಡ್‌ನಲ್ಲಿ ಬೇಡ, ಅಲ್ಲಿ ಮುಖದ ವಿಂಡೋಗಳು ಸಿಗೋದಿಲ್ಲ. ಪ್ರತಿ ಕ್ಲಿಪ್‌ನ ಸೀರೆ ನೋಡ್‌ನಲ್ಲೇ Hue vs Lum ಸ್ವಲ್ಪ ಇಳಿಸಿ ನೋಡಿ. ಕ್ಯಾನನ್‌ನಲ್ಲಿ ಕಲೆ ಏಳುತ್ತಾ ಅಂತ ಒಂದೇ ಕ್ಲಿಪ್‌ನಲ್ಲಿ ಮೊದಲು ಪರೀಕ್ಷೆ ಮಾಡಿ, ಎದ್ದರೆ ಗುರುಗಳು ಹೇಳಿದ ಹಾಗೆ ಬಿಟ್ಟುಬಿಡಿ.